‘ಅಪ್ಪಗ ಕರಿ’ ಎಂದರೆ ಜರ್ಮನ್‌ನಲ್ಲಿ ಯಾವ ವಿಭಕ್ತಿ?

ಊಟದ ಹೊತ್ತಾದರೆ ನಮ್ಮ ಮನೆಯಲ್ಲಿ ಅವ್ವ ಹೇಳುವ ಮಾತು ಒಂದೇ: ‘ಅಪ್ಪಗ ಕರಿ.’ ಸೇಡಂ ತಾಲ್ಲೂಕಿನ ಮುಧೋಳದವನಾದ ನನಗೆ ಈ ಎರಡು ಪದಗಳಲ್ಲಿ ವ್ಯಾಕರಣದ ಸಮಸ್ಯೆಯೊಂದು ಅಡಗಿದೆ ಎಂದು ಇಪ್ಪತ್ತು ವರ್ಷ ಅನ್ನಿಸಿರಲೇ ಇಲ್ಲ. ಅನ್ನಿಸಿದ್ದು ಬಿ.ಇ. ಓದುತ್ತಾ ಜರ್ಮನ್ ಕಲಿಯಲು ಕುಳಿತಾಗ.

ತರಗತಿಯ ಒಂದು ಕಿರುಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಲು ಹೀಗೊಂದು ವಾಕ್ಯ ಕೊಟ್ಟಿದ್ದರು: ‘ಇಶ್ ರೂಫೆ ಡ್__ ಫಾಟರ್.’ ನಾನು ಅಪ್ಪನನ್ನು ಕರೆಯುತ್ತೇನೆ ಎಂದರ್ಥ. ನಾನು ಒಂದು ಕ್ಷಣವೂ ಯೋಚಿಸದೆ ‘ಡೆಮ್’ ಎಂದು ತುಂಬಿದೆ. ಬರಬೇಕಾಗಿದ್ದದ್ದು ‘ಡೆನ್’. ಅಂದು ಇದ್ದದ್ದು ಇಪ್ಪತ್ತು ಖಾಲಿ ಜಾಗ, ನನ್ನದು ಸರಿಯಾದದ್ದು ಏಳು. ಉಳಿದ ಹದಿಮೂರಕ್ಕೂ ಕೆಂಪು ಶಾಯಿಯ ಒಂದೇ ಬಗೆಯ ಗೆರೆ.

ಆ ಹಾಳೆಯನ್ನು ಇಟ್ಟುಕೊಂಡು ಎರಡು ರಾತ್ರಿ ಕುಳಿತೆ. ಕೊನೆಗೆ ತಿಳಿದದ್ದು ಇಷ್ಟು: ಹದಿಮೂರೂ ತಪ್ಪುಗಳು ಒಂದೇ ಜಾತಿಯವಲ್ಲ. ಆರು ಕಡೆ ನನಗೆ ವಿಭಕ್ತಿ ಗೊತ್ತಿತ್ತು, ನಾಮಪದದ ಲಿಂಗ ತಪ್ಪಿತ್ತು. ಐದು ಕಡೆ ಲಿಂಗ ಸರಿಯಿತ್ತು, ವಿಭಕ್ತಿ ತಪ್ಪಿತ್ತು. ಎರಡು ಕಡೆ ಮಾತ್ರ ವಿಶೇಷಣದ ಕೊನೆ ತಪ್ಪಿತ್ತು. ನಾನೋ ಅಲ್ಲಿಯವರೆಗೆ ಆ ಕೊನೆಗಳ ಪಟ್ಟಿಯನ್ನೇ ಬಾಯಿಪಾಠ ಮಾಡುತ್ತಿದ್ದೆ. ರೋಗ ಒಂದು ಕಡೆ, ಔಷಧ ಇನ್ನೊಂದು ಕಡೆ.

ಜರ್ಮನ್ ಕಲಿಯುವ ನನ್ನಂಥವರಿಗೆ ಈ ಅಭ್ಯಾಸಗಳನ್ನು ಇಂಗ್ಲಿಷಿನ ಮೂಲಕವೇ ಕಲಿಸುವುದು ನಷ್ಟದ ಬಾಬತ್ತು ಎಂಬುದು ನನ್ನ ವಾದ. ಹೈಸ್ಕೂಲಿನಲ್ಲಿ ನಾವು ಕಂಠಪಾಠ ಮಾಡಿದ ಕನ್ನಡದ ವಿಭಕ್ತಿಗಳು ಇಲ್ಲಿ ನೇರ ಉಪಯೋಗಕ್ಕೆ ಬರುತ್ತವೆ. ಆದರೆ ಎಲ್ಲಿ ಬರುತ್ತವೆ, ಎಲ್ಲಿ ದಾರಿ ತಪ್ಪಿಸುತ್ತವೆ ಎಂಬುದನ್ನು ಯಾರಾದರೂ ಬಿಡಿಸಿ ಹೇಳಬೇಕು.

ಮೊದಲು ಲಿಂಗ

ಜರ್ಮನ್ ಗೊತ್ತಿಲ್ಲದವರಿಗಾಗಿ ಎರಡು ಮಾತು. ಅಲ್ಲಿ ಪ್ರತಿ ನಾಮಪದದ ಹಿಂದೆ ‘ಆ’ ಎಂಬ ಅರ್ಥ ಕೊಡುವ ಒಂದು ಪುಟ್ಟ ಪದ ಬರುತ್ತದೆ. ನಾಮಪದದ ಲಿಂಗಕ್ಕೂ ವಿಭಕ್ತಿಗೂ ತಕ್ಕಂತೆ ಆ ಪುಟ್ಟ ಪದ ರೂಪ ಬದಲಿಸುತ್ತದೆ. ಪ್ರಥಮಾ, ದ್ವಿತೀಯಾ, ಚತುರ್ಥಿ ಎಂಬ ಕ್ರಮದಲ್ಲಿ ಬರೆದರೆ ಅದು ಹೀಗಿದೆ:

ಪುಲ್ಲಿಂಗ: ಡೆರ್, ಡೆನ್, ಡೆಮ್
ಸ್ತ್ರೀಲಿಂಗ: ಡೀ, ಡೀ, ಡೆರ್
ನಪುಂಸಕ: ಡಾಸ್, ಡಾಸ್, ಡೆಮ್
ಬಹುವಚನ: ಡೀ, ಡೀ, ಡೆನ್

ಈ ನಾಲ್ಕು ಸಾಲುಗಳನ್ನು ನಿಧಾನವಾಗಿ ನೋಡಿ. ‘ಡೆರ್’ ಎರಡು ಕಡೆ ಇದೆ: ಪುಲ್ಲಿಂಗದ ಪ್ರಥಮಾದಲ್ಲಿ ಮತ್ತು ಸ್ತ್ರೀಲಿಂಗದ ಚತುರ್ಥಿಯಲ್ಲಿ. ‘ಡೆನ್’ ಕೂಡ ಎರಡು ಕಡೆ ಇದೆ. ಹಾಗಾಗಿ ಕಿವಿಗೆ ಸರಿ ಕೇಳಿಸಿತು ಎಂದು ತುಂಬಿದರೆ ಕೆಲಸ ಕೆಡುತ್ತದೆ. ನನ್ನ ಹಾಳೆಯಲ್ಲಿ ‘ಹೊಸ ಮೋಟಾರಿನ ಜೊತೆ’ ಎಂಬುದಕ್ಕೆ ‘ಮಿಟ್ ಡೆರ್ ನೋಯೆನ್ ಮೋಟೋರ್’ ಎಂದು ಬರೆದಿದ್ದೆ. ‘ಮಿಟ್’ ಆದಮೇಲೆ ಯಾವಾಗಲೂ ಚತುರ್ಥಿ. ನೋಡಿದವರಿಗೆ ಈ ಹುಡುಗನಿಗೆ ಚತುರ್ಥಿಯೇ ಬರುವುದಿಲ್ಲ, ಪ್ರಥಮಾದ ‘ಡೆರ್’ ಹಾಗೇ ಬಿಟ್ಟಿದ್ದಾನೆ ಅನ್ನಿಸುತ್ತದೆ. ನಿಜ ಹಾಗಿಲ್ಲ. ನಾನು ಮೋಟಾರನ್ನು ಸ್ತ್ರೀಲಿಂಗ ಎಂದುಕೊಂಡು, ಸ್ತ್ರೀಲಿಂಗದ ಚತುರ್ಥಿಯನ್ನು ಸರಿಯಾಗಿಯೇ ಹಾಕಿದ್ದೆ. ಮೋಟಾರು ಪುಲ್ಲಿಂಗ, ‘ಡೆಮ್’ ಬರಬೇಕಿತ್ತು. ತಪ್ಪು ಕಾಣುವ ಜಾಗವೇ ಬೇರೆ, ಹುಟ್ಟಿದ ಜಾಗವೇ ಬೇರೆ. ಕೆಂಪು ಗೆರೆ ಇದನ್ನು ಹೇಳುವುದಿಲ್ಲ.

ಲಿಂಗದ ವಿಷಯದಲ್ಲಿ ಕನ್ನಡ ನಮ್ಮ ಕೈ ಹಿಡಿಯುವುದಿಲ್ಲ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಕನ್ನಡದಲ್ಲಿ ಲಿಂಗ ಅರ್ಥವನ್ನು ಹಿಡಿದು ಬರುತ್ತದೆ. ಗಂಡಸಾದರೆ ಬಂದನು, ಹೆಂಗಸಾದರೆ ಬಂದಳು, ಮೇಜು ಕುರ್ಚಿ ಎಮ್ಮೆ ಬಸ್ಸು ಎಲ್ಲ ಬಂದಿತು. ಆ ಅಭ್ಯಾಸದಿಂದ ವಸ್ತುಗಳಿಗೆಲ್ಲ ‘ಡಾಸ್’ ಹಾಕಬೇಕು ಅನ್ನಿಸುತ್ತದೆ. ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ, ಯಂತ್ರ ಸ್ತ್ರೀಲಿಂಗ, ಕೇಬಲ್ ನಪುಂಸಕ. ಹುಡುಗಿ ಎಂಬುದಕ್ಕೆ ಬಳಸುವ ‘ಮೇಡ್ಶೆನ್’ ಕೂಡ ನಪುಂಸಕ. ನಮ್ಮ ತರಗತಿಯಲ್ಲಿ ಇದಕ್ಕೆ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮೂರಿನಿಂದ ಗಡಿ ದಾಟಿದರೆ ತೆಲುಗು. ಅಲ್ಲಿ ಅಕ್ಕ ಬಂದರೂ ‘ವಚ್ಚಿಂದಿ’, ಬಸ್ಸು ಬಂದರೂ ‘ವಚ್ಚಿಂದಿ’. ಆ ಭಾಷೆಯವರು ಅಕ್ಕನನ್ನು ಬಸ್ಸೆಂದು ತಿಳಿದಿಲ್ಲ. ಅದು ವ್ಯಾಕರಣದ ಲೆಕ್ಕ, ಅಷ್ಟೇ. ‘ಮೇಡ್ಶೆನ್’ ನಪುಂಸಕವಾಗಲು ಕಾರಣ ಅದರ ಕೊನೆಯಲ್ಲಿರುವ ‘ಶೆನ್’. ಪುಟ್ಟದು ಎಂಬ ಅರ್ಥ ಕೊಡುವ ಈ ಪ್ರತ್ಯಯ ಯಾವ ಪದಕ್ಕೆ ಅಂಟಿದರೂ ಅದು ನಪುಂಸಕವಾಗುತ್ತದೆ.

ಹಾಗಾದರೆ ಲಿಂಗವನ್ನು ನಿರ್ಧರಿಸುವುದು ಹೇಗೆ? ಪದ ಉದ್ದವಿದ್ದರೆ ಮೊದಲು ಅದರ ಕೊನೆಯ ತುಂಡನ್ನು ನೋಡಬೇಕು, ಏಕೆಂದರೆ ಸಮಾಸದಲ್ಲಿ ಕೊನೆಯ ಪದದ ಲಿಂಗವೇ ಇಡೀ ಪದದ ಲಿಂಗ. ನಮ್ಮ ಸೇಡಂ, ಶಹಾಬಾದ್, ವಾಡಿಯ ನೆಲದ ಕಲ್ಲನ್ನೇ ತೆಗೆದುಕೊಳ್ಳಿ. ಸುಣ್ಣದ ಕಲ್ಲಿಗೆ ಜರ್ಮನ್‌ನಲ್ಲಿ ‘ಕಾಲ್ಕ್‌ಷ್ಟೈನ್’. ‘ಷ್ಟೈನ್’ ಅಂದರೆ ಕಲ್ಲು, ಅದು ಪುಲ್ಲಿಂಗ, ಆದ್ದರಿಂದ ಸುಣ್ಣದ ಕಲ್ಲೂ ಪುಲ್ಲಿಂಗ. ಸಿಮೆಂಟ್ ಕಾರ್ಖಾನೆ ‘ತ್ಸೆಮೆಂಟ್‌ಫಾಬ್ರಿಕ್’. ‘ಫಾಬ್ರಿಕ್’ ಸ್ತ್ರೀಲಿಂಗ, ಆದ್ದರಿಂದ ಇಡೀ ಪದ ಸ್ತ್ರೀಲಿಂಗ.

ಎರಡನೆಯದಾಗಿ ಪ್ರತ್ಯಯ ನೋಡಬೇಕು. ‘ಉಂಗ್’ ಎಂಬ ಪ್ರತ್ಯಯ ಸೇರಿ ಆದ ನಾಮಪದಗಳು ಸ್ತ್ರೀಲಿಂಗ. ವೋಲ್ಟೇಜಿಗೆ ಹೇಳುವ ‘ಷ್ಪಾನುಂಗ್’ ಅಂಥದ್ದು. ಆದರೆ ಪ್ರತ್ಯಯ ನೋಡಿ ಹೇಳುವುದಕ್ಕೂ ಮಿತಿ ಇದೆ. ‘ಮೆಂಟ್’ ಎಂದು ಮುಗಿಯುವ ಪದಗಳು ಬಹುಪಾಲು ನಪುಂಸಕ ಎಂದು ಕಲಿತು, ಸಿಮೆಂಟಿಗೂ ‘ಡಾಸ್’ ಹಾಕಿದೆ. ‘ತ್ಸೆಮೆಂಟ್’ ಪುಲ್ಲಿಂಗ! ಸಿಮೆಂಟ್ ಸೀಮೆಯ ಹುಡುಗ ಸಿಮೆಂಟಿನ ಲಿಂಗದಲ್ಲೇ ಅಂಕ ಕಳೆದುಕೊಂಡ. ಇನ್ನೊಂದು ಮಜಾ ಇದೆ. ‘ಮೋಮೆಂಟ್’ ಪುಲ್ಲಿಂಗವಾದರೆ ಕ್ಷಣ, ನಪುಂಸಕವಾದರೆ ನಾವು ಮೆಕ್ಯಾನಿಕ್ಸ್‌ನಲ್ಲಿ ಓದುವ ಮೊಮೆಂಟ್. ಟಾರ್ಕಿಗೆ ಹೇಳುವ ‘ಡ್ರೇಮೋಮೆಂಟ್’ ಆದ್ದರಿಂದಲೇ ನಪುಂಸಕ. ಲಿಂಗ ಬದಲಾದರೆ ಅರ್ಥವೇ ಬದಲಾಗುವ ಪದವಿದು.

ಈ ಎರಡರಲ್ಲೂ ಸಿಗದಿದ್ದರೆ ನಿಘಂಟು ನೋಡಬೇಕು. ಊಹಿಸಿ ಬರೆಯಬಾರದು. ಆ ದಿನದಿಂದ ನನ್ನ ನೋಟ್‌ಬುಕ್ಕಿನಲ್ಲಿ ‘ಟಿಶ್ ಎಂದರೆ ಮೇಜು’ ಎಂದು ಬರೆಯುವುದನ್ನು ನಿಲ್ಲಿಸಿದ್ದೇನೆ. ‘ಡೆರ್ ಟಿಶ್ ಎಂದರೆ ಮೇಜು’ ಎಂದೇ ಬರೆಯುತ್ತೇನೆ. ಹಿಂದಿನ ಪದವಿಲ್ಲದ ನಾಮಪದ ನನ್ನ ಪಾಲಿಗೆ ಅರ್ಧ ಕಲಿತ ಪದ.

ಆಮೇಲೆ ವಿಭಕ್ತಿ

ಕನ್ನಡ ಕೆಲಸಕ್ಕೆ ಬರುವುದು ಇಲ್ಲಿಂದ. ಇಂಗ್ಲಿಷಿನಲ್ಲಿ ನಾಮಪದಕ್ಕೆ ದ್ವಿತೀಯಾ, ಚತುರ್ಥಿ ಎಂಬ ಗುರುತು ಈಗ ಉಳಿದಿಲ್ಲ. ಆದ್ದರಿಂದ ಇಂಗ್ಲಿಷಿನಲ್ಲಿ ಹೇಳಿಕೊಡುವಾಗ ‘ನೇರ ಕರ್ಮ, ಪರೋಕ್ಷ ಕರ್ಮ’ ಎಂದು ಉದ್ದದ ವಿವರಣೆ ಬೇಕಾಗುತ್ತದೆ. ನಮಗೆ ‘ಅನ್ನು’ ಮತ್ತು ‘ಗೆ’ ಎಂದರೆ ಸಾಕು. ‘ಶಿಕ್ಷಕರು ಹುಡುಗನಿಗೆ ಪುಸ್ತಕವನ್ನು ಕೊಡುತ್ತಾರೆ’ ಎಂಬ ವಾಕ್ಯದಲ್ಲಿ ಹುಡುಗ ಚತುರ್ಥಿ, ಪುಸ್ತಕ ದ್ವಿತೀಯಾ. ಜರ್ಮನ್‌ನಲ್ಲೂ ಹಾಗೆಯೇ.

ಇನ್ನೂ ಚೆಂದದ ಹೋಲಿಕೆಗಳಿವೆ. ಇಂಗ್ಲಿಷಿನವರು ‘ನಾನು ಇಷ್ಟಪಡುತ್ತೇನೆ’ ಎಂಬ ರೀತಿ ಹೇಳುವುದನ್ನು ನಾವು ‘ನನಗೆ ಇಷ್ಟ’ ಎನ್ನುತ್ತೇವೆ. ಜರ್ಮನರೂ ‘ಗೆಫಾಲೆನ್’ ಎಂಬ ಕ್ರಿಯಾಪದದ ಜೊತೆ ‘ನನಗೆ’ ಎಂಬ ಚತುರ್ಥಿಯನ್ನೇ ಬಳಸುತ್ತಾರೆ. ನಾವು ‘ನನಗೆ ಚಳಿ’ ಎನ್ನುತ್ತೇವೆ, ಅವರದ್ದೂ ‘ಮೀರ್ ಇಸ್ಟ್ ಕಾಲ್ಟ್’, ‘ನನಗೆ’ ಎಂದೇ ಶುರು. ‘ಇದು ನನಗೆ ಸೇರಿದ್ದು’ ಎಂಬುದೂ ಅಲ್ಲಿ ಚತುರ್ಥಿ. ಸಹಾಯ ಮಾಡುವುದು ‘ಅವನಿಗೆ’, ಉತ್ತರ ಕೊಡುವುದು ‘ಅವನಿಗೆ’. ಇವನ್ನೆಲ್ಲ ಇಂಗ್ಲಿಷಿನ ಮೂಲಕ ಕಲಿತರೆ ‘ಚತುರ್ಥಿ ಬೇಡುವ ವಿಶೇಷ ಕ್ರಿಯಾಪದಗಳು’ ಎಂಬ ಪಟ್ಟಿಯಾಗುತ್ತವೆ. ಕನ್ನಡದ ಮೂಲಕ ನೋಡಿದರೆ ಇವುಗಳಲ್ಲಿ ವಿಶೇಷವೇನೂ ಇಲ್ಲ.

ಹಾಗಿದ್ದರೆ ನಾನು ಐದು ಕಡೆ ಏಕೆ ತಪ್ಪಿದೆ? ಏಕೆಂದರೆ ನನ್ನ ತಲೆಯಲ್ಲಿ ಓಡುವುದು ಪುಸ್ತಕದ ಕನ್ನಡವಲ್ಲ, ನಮ್ಮೂರ ಕನ್ನಡ. ನಮ್ಮ ಕಡೆ ಮನುಷ್ಯರ ಮಾತು ಬಂದರೆ ‘ಅನ್ನು’ ಬದಲು ‘ಗೆ’ ಹಾಕುವುದೇ ರೂಢಿ. ‘ಅಪ್ಪಗ ಕರಿ’, ‘ಅವಗ ಕೇಳು’ ಎನ್ನುತ್ತೇವೆ. ವಾಡಿ, ಶಹಾಬಾದಿನ ಬಜಾರಿನಲ್ಲಿ ಕೇಳುವ ದಖನಿಯಲ್ಲೂ ಕರೆಯುವುದಕ್ಕೆ ‘ಅಬ್ಬಾ ಕೋ’, ನೀರು ಕೊಡುವುದಕ್ಕೂ ‘ಅಬ್ಬಾ ಕೋ’. ಎರಡು ವಿಭಕ್ತಿಗೂ ಒಂದೇ ಪ್ರತ್ಯಯ. ಹೀಗಾಗಿ ‘ಡೆಮ್ ಫಾಟರ್’ ನನಗೆ ಸಹಜವಾಗಿ ಬಂತು. ಇನ್ನೊಂದು ತುದಿಯಲ್ಲಿ, ವಸ್ತುಗಳ ಮಾತು ಬಂದರೆ ‘ಅನ್ನು’ ಎಂಬುದನ್ನು ನುಂಗಿಯೇ ಬಿಡುತ್ತೇವೆ. ‘ಚಹಾ ಕುಡಿದೆ’ ಎನ್ನುತ್ತೇವೆ, ‘ಚಹಾವನ್ನು ಕುಡಿದೆ’ ಎಂದು ಯಾರು ಹೇಳುತ್ತಾರೆ? ಅದರ ಪರಿಣಾಮ: ‘ಇಶ್ ಟ್ರಿಂಕೆ ಡೆನ್ ಟೇ’ ಎಂದು ಬರೆಯಬೇಕಾದಲ್ಲಿ ‘ಡೆರ್ ಟೇ’ ಎಂದು ಪ್ರಥಮಾದಲ್ಲೇ ಬಿಟ್ಟಿದ್ದೆ.

ಇದಕ್ಕೆ ನಾನು ಕಂಡುಕೊಂಡ ಉಪಾಯ ಸರಳ. ವಾಕ್ಯವನ್ನು ಮೊದಲು ಪಠ್ಯಪುಸ್ತಕದ ಕನ್ನಡಕ್ಕೆ ತರಬೇಕು. ಬಿಟ್ಟುಹೋದ ಕಡೆ ‘ಅನ್ನು’ ಸೇರಿಸಿ ನೋಡಬೇಕು, ‘ಗೆ’ ಇದ್ದ ಕಡೆಯೂ ಅದರ ಬದಲು ‘ಅನ್ನು’ ಹಾಕಿ ನೋಡಬೇಕು. ‘ಅಪ್ಪನನ್ನು ಕರೆ’ ಸರಿಹೊಂದುತ್ತದೆ, ಆದ್ದರಿಂದ ದ್ವಿತೀಯಾ. ‘ಅಪ್ಪನನ್ನು ನೀರು ಕೊಡು’ ಹೊಂದುವುದೇ ಇಲ್ಲ, ಆದ್ದರಿಂದ ಚತುರ್ಥಿ.

ಈ ಪರೀಕ್ಷೆಯೂ ಕೆಲವೆಡೆ ಕೈಕೊಡುತ್ತದೆ. ನನಗೆ ಸಿಕ್ಕ ಮೂರು ಮುಖ್ಯ ಪದಗಳನ್ನು ಹೇಳುತ್ತೇನೆ. ಕನ್ನಡದಲ್ಲಿ ‘ಅವನನ್ನು’ ನಂಬುತ್ತೇವೆ, ‘ಅವನನ್ನು’ ಹಿಂಬಾಲಿಸುತ್ತೇವೆ. ಜರ್ಮನ್‌ನ ‘ಗ್ಲೌಬೆನ್’ ಮತ್ತು ‘ಫೋಲ್ಗೆನ್’ ಎರಡಕ್ಕೂ ಚತುರ್ಥಿ ಬೇಕು. ನಾವು ‘ಅವನಿಗೆ’ ಫೋನ್ ಮಾಡುತ್ತೇವೆ, ಅವರ ‘ಆನ್‌ರೂಫೆನ್’ ದ್ವಿತೀಯಾ ಕೇಳುತ್ತದೆ. ಹೀಗೆ ಕನ್ನಡಕ್ಕೆ ಹೊಂದದವನ್ನು ಮಾತ್ರ ಬೇರೆ ಬರೆದಿಟ್ಟುಕೊಂಡರೆ ಬಾಯಿಪಾಠದ ಪಟ್ಟಿ ಬಹಳ ಚಿಕ್ಕದಾಗುತ್ತದೆ.

ಪ್ಲಾಟ್‌ಫಾರ್ಮಿನ ಮೇಲೆ, ಪ್ಲಾಟ್‌ಫಾರ್ಮಿಗೆ

ವಿಭಕ್ತಿಯನ್ನು ಕೆಲವೊಮ್ಮೆ ಕ್ರಿಯಾಪದವಲ್ಲ, ನಾಮಪದದ ಹಿಂದೆ ಬರುವ ‘ಜೊತೆ, ಮೇಲೆ, ಒಳಗೆ’ ಎಂಬಂಥ ಪದ ನಿರ್ಧರಿಸುತ್ತದೆ. ‘ಮಿಟ್’ ನಂಥ ಕೆಲವಕ್ಕೆ ಯಾವಾಗಲೂ ಚತುರ್ಥಿ. ಅದೇ ಗುಂಪಿನ ‘ತ್ಸು’ ಎಂಬುದು ‘ಕಡೆಗೆ’ ಎಂಬ ಅರ್ಥದ್ದಾದರೂ ಚತುರ್ಥಿಯನ್ನೇ ಕೇಳುತ್ತದೆ. ‘ಫ್ಯೂರ್’ ನಂಥ ಕೆಲವಕ್ಕೆ ಯಾವಾಗಲೂ ದ್ವಿತೀಯಾ. ಇಲ್ಲೊಂದು ಗುಂಡಿ ಇದೆ: ‘ಫ್ಯೂರ್’ ಅಂದರೆ ‘ಅವನಿಗಾಗಿ’, ಅದರಲ್ಲಿ ‘ಗೆ’ ಕೇಳಿಸಿ ಚತುರ್ಥಿ ಹಾಕಿದವರ ಸಾಲಿನಲ್ಲಿ ನಾನೂ ಇದ್ದೇನೆ.

ಎಲ್ಲರನ್ನೂ ಕಾಡುವುದು ಎರಡೂ ವಿಭಕ್ತಿ ಹಿಡಿಯುವ ಒಂಬತ್ತು ಪದಗಳು. ಮೇಲೆ, ಕೆಳಗೆ, ಒಳಗೆ, ಪಕ್ಕ, ಮುಂದೆ, ಹಿಂದೆ ಎಂಬ ಅರ್ಥದವು. ‘ಚಲನೆ ಇದ್ದರೆ ದ್ವಿತೀಯಾ, ಇಲ್ಲದಿದ್ದರೆ ಚತುರ್ಥಿ’ ಎಂದು ಅನೇಕರು ಹೇಳಿಕೊಡುತ್ತಾರೆ. ಈ ಸೂತ್ರ ಅರ್ಧ ಸತ್ಯ. ವಾಡಿ ಜಂಕ್ಷನ್ನಿನಲ್ಲಿ ಸೇಡಂ ಕಡೆಯ ಗಾಡಿಗಾಗಿ ಕಾಯುತ್ತಾ ಉದ್ದನೆಯ ಪ್ಲಾಟ್‌ಫಾರ್ಮಿನ ಮೇಲೆ ಈ ತುದಿಯಿಂದ ಆ ತುದಿಗೆ ಓಡಾಡುತ್ತೇನೆ ಎನ್ನಿ. ಚಲನೆ ಬೇಕಾದಷ್ಟಿದೆ. ಆದರೂ ಅದು ‘ಇಶ್ ಲೌಫೆ ಔಫ್ ಡೆಮ್ ಲಾಂಗೆನ್ ಬಾನ್‌ಷ್ಟೈಗ್’, ಚತುರ್ಥಿ. ಗಾಡಿ ಬಂತು ಎಂದು ಕೂಗು ಕೇಳಿ ಹೊರಗಿನಿಂದ ಪ್ಲಾಟ್‌ಫಾರ್ಮಿಗೆ ಓಡಿದರೆ ಅದು ‘ಔಫ್ ಡೆನ್ ಲಾಂಗೆನ್ ಬಾನ್‌ಷ್ಟೈಗ್’, ದ್ವಿತೀಯಾ. ಕಾಲು ಎರಡರಲ್ಲೂ ಓಡುತ್ತಿದೆ. ವ್ಯತ್ಯಾಸ ಇರುವುದು ‘ಎಲ್ಲಿ’ ಮತ್ತು ‘ಎಲ್ಲಿಗೆ’ ಎಂಬುದರಲ್ಲಿ.

ಇಂಗ್ಲಿಷಿನಲ್ಲಿ ಈ ಎರಡು ಪ್ರಶ್ನೆಗೂ ಸಾಮಾನ್ಯವಾಗಿ ಒಂದೇ ಪದ ಬಳಸುತ್ತಾರೆ. ಜರ್ಮನ್‌ನಲ್ಲಿ ‘ವೋ’ ಮತ್ತು ‘ವೋಹಿನ್’ ಎಂದು ಎರಡಿವೆ. ಕನ್ನಡದಲ್ಲೂ ಎರಡಿವೆ. ಆದರೆ ಇಲ್ಲಿ ಒಂದು ತಿರುವು ಇದೆ: ‘ಎಲ್ಲಿಗೆ’ ಎಂಬ ಪ್ರಶ್ನೆಗೆ ಕನ್ನಡದ ಉತ್ತರ ಚತುರ್ಥಿಯಲ್ಲಿ ಬರುತ್ತದೆ (ಪ್ಲಾಟ್‌ಫಾರ್ಮಿಗೆ, ಕಾರ್ಖಾನೆಗೆ), ಈ ಒಂಬತ್ತು ಪದಗಳ ಜೊತೆ ಜರ್ಮನ್ ಉತ್ತರ ದ್ವಿತೀಯಾದಲ್ಲಿ. ‘ಎಲ್ಲಿ’ ಎಂಬುದಕ್ಕೆ ನಮ್ಮದು ಸಪ್ತಮಿ, ಅವರದ್ದು ಚತುರ್ಥಿ. ಆದ್ದರಿಂದ ಇಲ್ಲಿ ಪ್ರಶ್ನೆಯನ್ನು ಕನ್ನಡದಿಂದ ತೆಗೆದುಕೊಳ್ಳಬೇಕು, ಉತ್ತರದ ಪ್ರತ್ಯಯವನ್ನು ತೆಗೆದುಕೊಳ್ಳಬಾರದು.

ಕೊನೆಗೆ ವಿಶೇಷಣ

ಲಿಂಗ ಮತ್ತು ವಿಭಕ್ತಿ ಎರಡೂ ನಿರ್ಧಾರವಾದ ಮೇಲೆ ವಿಶೇಷಣದ ಕೊನೆ ತಾನಾಗಿ ಬರುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ಕನ್ನಡದಲ್ಲಿ ‘ಹಳೆಯ ದೊಡ್ಡ ಮನೆಯನ್ನು’ ಎನ್ನುವಾಗ ಪ್ರತ್ಯಯ ಬರುವುದು ಕೊನೆಯ ‘ಮನೆ’ಗೆ ಮಾತ್ರ. ವಿಶೇಷಣಗಳು ಅಲ್ಲಾಡುವುದಿಲ್ಲ. ಜರ್ಮನ್‌ನಲ್ಲಿ ನಾಮಪದ ಬಹುಮಟ್ಟಿಗೆ ಹಾಗೇ ಇರುತ್ತದೆ, ವಿಭಕ್ತಿಯ ಗುರುತನ್ನು ಹೊರುವುದು ಅದರ ಹಿಂದಿನ ಪದಗಳು. ಒಂದು ಮೂಟೆ ಇದೆ, ಯಾರಾದರೂ ಒಬ್ಬರು ಹೊರಲೇಬೇಕು. ‘ಡೆಮ್’ ನಂಥ ಪುಟ್ಟ ಪದ ಅದನ್ನು ಹೊತ್ತಿದ್ದರೆ ವಿಶೇಷಣಕ್ಕೆ ಹಗುರ ಕೆಲಸ: ಕೊನೆಯಲ್ಲಿ ‘ಎನ್’ ಅಥವಾ ‘ಎ’ ಸೇರಿದರೆ ಸಾಕು. ಪುಟ್ಟ ಪದವೇ ಇಲ್ಲದಿದ್ದರೆ ವಿಶೇಷಣವೇ ಮೂಟೆ ಹೊರಬೇಕು.

ಬೂದು ಬಣ್ಣದ ಸಿಮೆಂಟಿನಿಂದ ಎಂದು ಹೇಳಬೇಕೆನ್ನಿ. ‘ಮಿಟ್ ಡೆಮ್ ಗ್ರೌವೆನ್ ತ್ಸೆಮೆಂಟ್’ ಎನ್ನುವಾಗ ‘ಡೆಮ್’ ನಲ್ಲಿ ಗುರುತು ಇದೆ, ವಿಶೇಷಣಕ್ಕೆ ‘ಎನ್’ ಮಾತ್ರ. ‘ಡೆಮ್’ ತೆಗೆದರೆ ‘ಮಿಟ್ ಗ್ರೌವೆಮ್ ತ್ಸೆಮೆಂಟ್’. ‘ಡೆಮ್’ ನ ‘ಮ್’ ಹೋಗಿ ವಿಶೇಷಣದ ಬೆನ್ನ ಮೇಲೆ ಕುಳಿತಿತು.

ಇದರಿಂದ ದೊಡ್ಡ ಉಳಿತಾಯವೊಂದಿದೆ. ಚತುರ್ಥಿಯಲ್ಲಿ ಹಿಂದೆ ಪುಟ್ಟ ಪದ ಇದ್ದರೆ ವಿಶೇಷಣದ ಕೊನೆ ಯಾವಾಗಲೂ ‘ಎನ್’. ಮೂರು ಲಿಂಗಕ್ಕೂ, ಬಹುವಚನಕ್ಕೂ ಒಂದೇ. ದ್ವಿತೀಯಾದಲ್ಲಿ ಪುಲ್ಲಿಂಗ ಮತ್ತು ಬಹುವಚನಕ್ಕೆ ‘ಎನ್’, ಸ್ತ್ರೀಲಿಂಗಕ್ಕೆ ‘ಎ’, ನಪುಂಸಕಕ್ಕೆ ‘ಡಾಸ್’ ಇದ್ದರೆ ‘ಎ’. ‘ಒಂದು’ ಎಂಬ ಅರ್ಥದ ‘ಐನ್’ ಬಂದಾಗ ಮಾತ್ರ ನಪುಂಸಕದಲ್ಲಿ ಜೋಪಾನ: ‘ಐನ್’ ಅಲ್ಲಿ ಬರಿಗೈಯಲ್ಲಿ ನಿಂತಿರುತ್ತದೆ, ಆದ್ದರಿಂದ ‘ಐನ್ ನೋಯೆಸ್ ಕಾಬೆಲ್’ ಎಂದು ವಿಶೇಷಣ ಗುರುತು ಹೊರುತ್ತದೆ. ದೊಡ್ಡ ಕೋಷ್ಟಕಗಳ ಬದಲು ಇಷ್ಟು ನೆನಪಿದ್ದರೆ ನಮ್ಮ ಹಂತದ ಬಹಳಷ್ಟು ಖಾಲಿ ಜಾಗಗಳು ತುಂಬುತ್ತವೆ.

ಈಗ ಎಲ್ಲವನ್ನೂ ಸೇರಿಸಿ ಒಂದು ಲೆಕ್ಕ ಬಿಡಿಸೋಣ. ‘ಡೆರ್ ಟೆಶ್ನಿಕರ್ ಷ್ಟೆಲ್ಟ್ ಡ್__ ನೋಯ್__ ಮಶೀನೆ ನೇಬೆನ್ ಐನ್__ ಆಲ್ಟ್__ ಮೋಟೋರ್.’ ತಂತ್ರಜ್ಞ ಹೊಸ ಯಂತ್ರವನ್ನು ಒಂದು ಹಳೆಯ ಮೋಟಾರಿನ ಪಕ್ಕ ಇಡುತ್ತಾನೆ.

ಮೊದಲು ಲಿಂಗ: ‘ಮಶೀನೆ’ ಸ್ತ್ರೀಲಿಂಗ, ‘ಮೋಟೋರ್’ ಪುಲ್ಲಿಂಗ. ಎರಡನೆಯದು ವಿಭಕ್ತಿ: ಯಂತ್ರವನ್ನು ಇಡುತ್ತಾನೆ, ಆದ್ದರಿಂದ ದ್ವಿತೀಯಾ, ‘ಡೀ’. ‘ನೇಬೆನ್’ ಅಂದರೆ ಪಕ್ಕ, ಎರಡೂ ವಿಭಕ್ತಿ ಹಿಡಿಯುವ ಪದ. ಇಲ್ಲಿ ಕನ್ನಡ ಮೋಸ ಮಾಡುತ್ತದೆ, ಏಕೆಂದರೆ ನಾವು ‘ಪಕ್ಕದಲ್ಲಿ ಇಟ್ಟ’ ಎಂದೂ ಹೇಳುತ್ತೇವೆ, ‘ಪಕ್ಕದಲ್ಲಿ ಇದೆ’ ಎಂದೂ ಹೇಳುತ್ತೇವೆ. ‘ಇಡು’ ಬಂದಾಗ ‘ಎಲ್ಲಿಗೆ’ ಎಂಬ ಪ್ರಶ್ನೆ ನಮ್ಮ ಬಾಯಿಗೆ ಬರುವುದಿಲ್ಲ. ಆಗ ಕೇಳಬೇಕಾದದ್ದು: ಈ ಕೆಲಸಕ್ಕೆ ಮುಂಚೆ ಯಂತ್ರ ಅಲ್ಲಿತ್ತೇ? ಇರಲಿಲ್ಲ, ಈಗ ಬಂತು. ಹಾಗಾದರೆ ದ್ವಿತೀಯಾ: ‘ಐನೆನ್’. ಮೂರನೆಯದು ವಿಶೇಷಣ: ದ್ವಿತೀಯಾ ಸ್ತ್ರೀಲಿಂಗಕ್ಕೆ ‘ನೋಯೆ’, ದ್ವಿತೀಯಾ ಪುಲ್ಲಿಂಗಕ್ಕೆ ‘ಆಲ್ಟೆನ್’. ಉತ್ತರ: ‘ಡೀ ನೋಯೆ ಮಶೀನೆ ನೇಬೆನ್ ಐನೆನ್ ಆಲ್ಟೆನ್ ಮೋಟೋರ್.’

ಮರುದಿನ ಅದೇ ಯಂತ್ರ ಅಲ್ಲೇ ನಿಂತಿದೆ ಎನ್ನಬೇಕಾದರೆ ‘ಡೀ ನೋಯೆ ಮಶೀನೆ ಷ್ಟೇಟ್ ನೇಬೆನ್ ಐನೆಮ್ ಆಲ್ಟೆನ್ ಮೋಟೋರ್’. ‘ಐನೆನ್’ ಹೋಗಿ ‘ಐನೆಮ್’ ಆಯಿತು. ವಿಶೇಷಣ ‘ಆಲ್ಟೆನ್’ ಹಾಗೇ ಉಳಿಯಿತು. ಯಂತ್ರಕ್ಕೆ ಈಗ ಪ್ರಥಮಾ, ಆದರೂ ಸ್ತ್ರೀಲಿಂಗದಲ್ಲಿ ರೂಪ ಬದಲಾಗಲಿಲ್ಲ. ಎಲ್ಲ ಬದಲಾವಣೆಯೂ ಒಂದೇ ಅಕ್ಷರದಲ್ಲಿ ಕುಳಿತಿದೆ.

ಈ ಲೆಕ್ಕ ಎಲ್ಲವನ್ನೂ ಮುಗಿಸುವುದಿಲ್ಲ ಎಂದೂ ಹೇಳಬೇಕು. ‘ವಿದ್ಯಾರ್ಥಿ’ ಎಂಬಂಥ ಕೆಲವು ಪುಲ್ಲಿಂಗ ಪದಗಳು ತಾವೇ ಬದಲಾಗುತ್ತವೆ: ‘ಡೆರ್ ಷ್ಟುಡೆಂಟ್’ ದ್ವಿತೀಯಾದಲ್ಲಿ ‘ಡೆನ್ ಷ್ಟುಡೆಂಟೆನ್’. ಬಹುವಚನದ ಚತುರ್ಥಿಯಲ್ಲಿ ನಾಮಪದಕ್ಕೂ ಸಾಮಾನ್ಯವಾಗಿ ಒಂದು ‘ನ್’ ಸೇರುತ್ತದೆ. ಇವು ನೋಡುತ್ತಾ ನೋಡುತ್ತಾ ಬರಬೇಕು.

ನನ್ನ ಗೆಳೆಯನೊಬ್ಬ ಇದನ್ನೆಲ್ಲ ಕೇಳಿ, ‘ಮಾತಾಡೋವಾಗ ಇಷ್ಟೆಲ್ಲ ಯಾರ್ ಯೋಚನೆ ಮಾಡ್ತಾರಲೇ, ಕೇಳಿ ಕೇಳಿ ಬರ್ಬೇಕು’ ಎಂದ. ಅವನ ಮಾತಿನಲ್ಲಿ ಹುರುಳಿದೆ. ಮಾತು ಕಿವಿಯಿಂದಲೇ ಬರುತ್ತದೆ. ಆದರೆ ನಮ್ಮ ಊರುಗಳಲ್ಲಿ ಕಿವಿಗೆ ಬೀಳಲು ಜರ್ಮನ್ ಎಲ್ಲಿದೆ? ವಾರಕ್ಕೆ ಎರಡು ತರಗತಿ, ಉಳಿದದ್ದು ಕಾಗದದ ಮೇಲಿನ ಅಭ್ಯಾಸ. ಕಾಗದವೇ ಗತಿಯಾದವನಿಗೆ ಕಾಗದದ ಮೇಲೆ ತಪ್ಪನ್ನು ಗುರುತಿಸುವ ದಾರಿ ಬೇಕು. ಇಂಗ್ಲಿಷ್ ಬೇಡವೇ ಬೇಡ ಎಂದೂ ನಾನು ಹೇಳುತ್ತಿಲ್ಲ. ‘ಹಾಂಟ್, ಹೌಸ್, ವಾಸರ್’ ಎಂಬ ಪದಗಳನ್ನು ನೆನಪಿಡಲು ಇಂಗ್ಲಿಷಿನಷ್ಟು ಸಹಾಯ ಕನ್ನಡದಿಂದ ಸಿಗದು. ಪದಕ್ಕೆ ಇಂಗ್ಲಿಷ್ ಇರಲಿ, ವಿಭಕ್ತಿಗೆ ಕನ್ನಡ ಬರಲಿ.

ಹಿಂದೆ ಇದೇ ದಾರಿಯನ್ನು ಎದುರು ದಿಕ್ಕಿನಿಂದ ನಡೆದವರೊಬ್ಬರಿದ್ದರು. ಜರ್ಮನಿಯಿಂದ ಬಂದ ಫರ್ಡಿನಂಡ್ ಕಿಟೆಲ್ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದರು. 1894ರಲ್ಲಿ ಅವರ ನಿಘಂಟು, 1903ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂದವು. ‘ಡೆನ್, ಡೆಮ್’ ಎನ್ನುತ್ತಾ ಬೆಳೆದವರು ನಮ್ಮ ‘ಅನ್ನು, ಗೆ’ಗಳನ್ನು ಕನ್ನಡದ ಹಳೆಯ ವ್ಯಾಕರಣವನ್ನೇ ಎದುರಿಗಿಟ್ಟುಕೊಂಡು ಅಭ್ಯಾಸ ಮಾಡಿದರು. ಅದೇ ವ್ಯಾಕರಣವನ್ನು ಶಾಲೆಯಲ್ಲಿ ಕಲಿತ ನಾವು ಜರ್ಮನ್ ತರಗತಿಗೆ ಹೋಗುವಾಗ ಅದನ್ನು ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಹೋಗುತ್ತೇವೆ.

ಕಲಿಸುವವರಲ್ಲಿ ನನ್ನ ಬೇಡಿಕೆ ಎರಡೇ. ಖಾಲಿ ಜಾಗದ ಮೇಲೆ ಲಿಂಗ ಮತ್ತು ವಿಭಕ್ತಿಯನ್ನು ಒಂದೊಂದು ಅಕ್ಷರದಲ್ಲಿ ಬರೆಯಲು ಹೇಳಿ: ‘ಪು–ದ್ವಿ’, ‘ಸ್ತ್ರೀ–ಚ’ ಎಂದು. ಉತ್ತರ ತಪ್ಪಿದರೆ ಎಲ್ಲಿ ತಪ್ಪಿತು ಎಂದು ನಿಮಗೂ ಗೊತ್ತಾಗುತ್ತದೆ, ನಮಗೂ ಗೊತ್ತಾಗುತ್ತದೆ. ಮತ್ತೆ, ‘ಕನ್ನಡದಲ್ಲಿ ಹೇಳಿ ನೋಡು’ ಎನ್ನಲು ಸಂಕೋಚ ಬೇಡ.

ಆ ಹಾಳೆಯನ್ನು ನಾನು ಹೀಗೆಯೇ ಇನ್ನೊಮ್ಮೆ ಬಿಡಿಸಿದೆ. ಇಪ್ಪತ್ತರಲ್ಲಿ ಹದಿನಾರು ಸರಿಯಾದವು. ಉಳಿದ ನಾಲ್ಕೂ ಲಿಂಗದ ತಪ್ಪುಗಳು. ಅವಕ್ಕೆ ಉಪಾಯವಿಲ್ಲ, ಪದದ ಜೊತೆಗೇ ಕಲಿಯಬೇಕು. ಮೊನ್ನೆ ರಜೆಗೆ ಊರಿಗೆ ಹೋದಾಗ ಅವ್ವ ಎಂದಿನಂತೆ ‘ಅಪ್ಪಗ ಕರಿ’ ಎಂದಳು. ‘ಅಪ್ಪನನ್ನು’ ಎಂದು ಬಾಯಿಗೆ ಬಂತು. ಅವ್ವ ನನ್ನ ಮುಖ ನೋಡಿ, ‘ಯಾಕೋ ತಮ್ಮ, ಸಾಲಿ ಮಾಸ್ತರ ಆದೇನು?’ ಎಂದಳು. ಸುಮ್ಮನೆ ಹೊರಗೆ ಹೋಗಿ ಅಪ್ಪಗ ಕರೆದೆ.